ಪಾಸಿಟಿವ್ ಅಂದರೆ ಫೇಲು: ಹಳದಿ ಬಣ್ಣ ಕಲಿಸಿದ ಪಾಠ

ಲ್ಯಾಬಿನಿಂದ ಬಂದ ಕಾಗದದಲ್ಲಿ 'ಫಾಸ್ಫಟೇಸ್: ಪಾಸಿಟಿವ್' ಎಂದಿತ್ತು. ಅದನ್ನು ಓದಿ ನಾನು ಖುಷಿಪಟ್ಟೆ ಎಂದರೆ ನಿಮಗೆ ನಗು ಬಂದೀತು. ಪಾಸಿಟಿವ್ ಎಂದ ಮೇಲೆ ಒಳ್ಳೆಯದೇ ಇರಬೇಕೆಂದು ಎಣಿಸಿ ಕಾಗದವನ್ನು ಫೈಲಿಗೆ ಸೇರಿಸಿದೆ. ಅದೇ ಸಂಜೆ ಭಾವ ಮನೆಗೆ ಬಂದಿದ್ದರು. ಅವರು ಡೈರಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚಹಾ ಕುಡಿಯುತ್ತಾ ಫೈಲು ತಿರುವಿದವರು ಲೋಟ ಕೆಳಗಿಟ್ಟರು.

"ಭಾವಾ, ಇದರಲ್ಲಿ ಪಾಸಿಟಿವ್ ಅಂದ್ರೆ ಫೇಲು. ಆ ದಿನದ ಹಾಲು ಈಗ ಎಲ್ಲುಂಟು?"

ಎಲ್ಲಿರುತ್ತದೆ? ಮೂರು ದಿನದ ಹಿಂದೆಯೇ ಮಾರಿ ಆಗಿತ್ತು. ಇದು 2023ರ ಜುಲೈ ತಿಂಗಳ ಮಾತು.

ನಮ್ಮದು ಚಿಕ್ಕ ಘಟಕ. ನಮ್ಮ ಹಟ್ಟಿಯ ಒಂಬತ್ತು ದನಗಳದ್ದು ಮತ್ತು ಅಕ್ಕಪಕ್ಕದ ನಾಲ್ಕು ಮನೆಗಳದ್ದು ಸೇರಿ ದಿನಕ್ಕೆ ಸುಮಾರು 100 ಲೀಟರು ಹಾಲು. ಇದನ್ನು ಸ್ಟೀಲ್ ತೊಟ್ಟಿಯಲ್ಲಿ ಪಾಶ್ಚರೀಕರಿಸಿ, ತಣಿಸಿ, ಪ್ಯಾಕೆಟ್ ಮಾಡಿ ಪೇಟೆಗೆ ಕಳುಹಿಸುತ್ತೇವೆ. ತೊಟ್ಟಿಗೆ ಎರಡು ಗೋಡೆ. ನಡುವೆ ಬಿಸಿನೀರು ಸುತ್ತುತ್ತದೆ, ಒಳಗೆ ಹಾಲು ಕದಡುವ ಮೋಟಾರಿದೆ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಹಿಡಿದಿಡುವುದು ಕ್ರಮ. ದೊಡ್ಡ ಡೈರಿಗಳು 72 ಡಿಗ್ರಿಯಲ್ಲಿ 15 ಸೆಕೆಂಡು ಹಾಯಿಸುತ್ತವೆ. ಅದಕ್ಕೆ ಬೇರೆಯೇ ಯಂತ್ರ ಬೇಕು, ನಮ್ಮಂಥವರಿಗೆ ಹೇಳಿದ್ದಲ್ಲ.

ಆ ಹಾಲಿನಲ್ಲಿ 80 ಲೀಟರು ಮನೆಗಳಿಗೆ ಹೋಗುತ್ತದೆ. ಅಲ್ಲಿ ಹೇಗೂ ಕುದಿಸಿಯೇ ಕುಡಿಯುತ್ತಾರೆ. ಉಳಿದ 20 ಲೀಟರು ಒಂದು ಜ್ಯೂಸ್ ಅಂಗಡಿಗೆ. ಅಲ್ಲಿ ಪ್ಯಾಕೆಟ್ ಒಡೆದು ನೇರ ಮಿಕ್ಸಿಗೆ ಹಾಕಿ ಮಿಲ್ಕ್‌ಶೇಕ್ ಮಾಡುತ್ತಾರೆ. ಕುದಿಸುವ ಪ್ರಶ್ನೆಯೇ ಇಲ್ಲ. ಭಾವ ಲೋಟ ಕೆಳಗಿಟ್ಟದ್ದು ಆ 20 ಲೀಟರಿಗಾಗಿ.

ಹಾಲಿನಲ್ಲೇ ಇರುವ ಸಾಕ್ಷಿ

ಹಾಲು ಸರಿಯಾಗಿ ಬಿಸಿಯಾಗಿದೆಯೋ ಇಲ್ಲವೋ ಎಂದು ನೋಡಿ ಹೇಳಲು ಬರುವುದಿಲ್ಲ. 58 ಡಿಗ್ರಿಗೆ ಬಿಸಿಯಾದ ಹಾಲೂ 63ಕ್ಕೆ ಬಿಸಿಯಾದ ಹಾಲೂ ಬಣ್ಣ, ರುಚಿ, ವಾಸನೆಯಲ್ಲಿ ಒಂದೇ. ರೋಗಾಣುಗಳನ್ನು ಹುಡುಕಿ ನೋಡೋಣವೆಂದರೆ ಅದು ದಿನಗಟ್ಟಲೆ, ಕೆಲವಕ್ಕೆ ವಾರಗಟ್ಟಲೆ ಹಿಡಿಯುವ ಕೆಲಸ. ಅಷ್ಟರಲ್ಲಿ ಹಾಲು ಹೊಟ್ಟೆ ಸೇರಿರುತ್ತದೆ.

ಇದಕ್ಕೊಂದು ಉಪಾಯ ಹಾಲಿನಲ್ಲೇ ಉಂಟು. ದನ, ಎಮ್ಮೆ ಯಾವುದರದ್ದೇ ಆಗಲಿ, ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಇದ್ದೇ ಇರುತ್ತದೆ. ಇದು ಕಾಯಿಲೆಯ ಗುರುತಲ್ಲ, ಕೆಚ್ಚಲಿನಿಂದ ಹಾಲಿನ ಜೊತೆ ಸಹಜವಾಗಿ ಬರುವಂಥದ್ದು. ಕ್ಷಯದ ಸೂಕ್ಷ್ಮಾಣು ಸಾಯಲು ಎಷ್ಟು ಬಿಸಿ ಬೇಕೋ ಅದಕ್ಕಿಂತ ತುಸು ಹೆಚ್ಚು ಬಿಸಿ ಈ ಕಿಣ್ವ ನಾಶವಾಗಲು ಬೇಕು. ಅಂದರೆ ಕಿಣ್ವ ಸತ್ತಿದ್ದರೆ ಆ ರೋಗಾಣುವೂ ಸತ್ತಿದೆ ಎಂದು ನಂಬಬಹುದು. ಕಿಣ್ವ ಬದುಕಿದ್ದರೆ ನಂಬುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಕೇ ಮತ್ತು ಗ್ರಹಾಂ ಎಂಬ ವಿಜ್ಞಾನಿಗಳು 1930ರ ದಶಕದಲ್ಲಿ ಇದನ್ನು ಪರೀಕ್ಷೆಯಾಗಿ ರೂಪಿಸಿದರು. ಈಗ ನಮ್ಮಲ್ಲಿ ಬಳಕೆಯಲ್ಲಿರುವ ಹಳದಿ ಬಣ್ಣದ ವಿಧಾನ 1949ರಲ್ಲಿ ಆಶಫೆನ್‌ಬರ್ಗ್ ಮತ್ತು ಮುಲೆನ್ ಕೊಟ್ಟದ್ದು.

ವಿಧಾನದ ಗುಟ್ಟು ಸರಳ. ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಎಂಬ ಬಣ್ಣವಿಲ್ಲದ ಲವಣವೊಂದಿದೆ. ಫಾಸ್ಫಟೇಸ್ ಜೀವಂತ ಇದ್ದರೆ ಅದನ್ನು ಒಡೆಯುತ್ತದೆ. ಒಡೆದಾಗ ಹೊರಬರುವ ನೈಟ್ರೋಫಿನಾಲ್ ಕ್ಷಾರದ ದ್ರಾವಣದಲ್ಲಿ ಹಳದಿಯಾಗಿ ಕಾಣುತ್ತದೆ. ಹಳದಿ ಹೆಚ್ಚಾದಷ್ಟೂ ಹಸಿ ಹಾಲು ಹೆಚ್ಚು.

ಭಾವ ಮಾಡಿ ತೋರಿಸಿದ ಕ್ರಮ

ಮರುವಾರ ಭಾವ ಒಂದು ಚೀಲದಲ್ಲಿ ಸಾಮಾನು ಕಟ್ಟಿಕೊಂಡು ಬಂದರು. ಅಡಿಗೆ ಮನೆಯ ಪಕ್ಕದ ಜಗಲಿಯೇ ಪ್ರಯೋಗಾಲಯವಾಯಿತು.

ಮೊದಲು ಕ್ಷಾರದ ದ್ರಾವಣ. 1 ಲೀಟರು ಬಟ್ಟಿ ಇಳಿಸಿದ ನೀರಿಗೆ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 3.5 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 1.5 ಗ್ರಾಂ. ಇದರಿಂದ 100 ಮಿಲಿ ತೆಗೆದು ಅದರಲ್ಲಿ ಆ ಬಣ್ಣವಿಲ್ಲದ ಲವಣ 0.15 ಗ್ರಾಂ ಕರಗಿಸಬೇಕು. ಅಷ್ಟು ಕಡಿಮೆ ತೂಗಲು ಸೂಕ್ಷ್ಮ ತಕ್ಕಡಿ ಬೇಕು. ನಮ್ಮ ಪೇಟೆಯ ಕಾಲೇಜಿನಲ್ಲಿ ಕೇಳಿ ತೂಗಿಸಿಕೊಂಡೆವು. 100 ಮಿಲಿಯಲ್ಲಿ 20 ಪರೀಕ್ಷೆ ಆಗುತ್ತದೆ. ಈ ದ್ರಾವಣ ಬೆಳಕಿಗೆ ಕೆಡುತ್ತದೆ. ಕಂದು ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ. ಮೊದಲೇ ಹಳದಿಗೆ ತಿರುಗಿದ್ದರೆ ಚೆಲ್ಲಿ ಹೊಸತು ಮಾಡಬೇಕು.

ಆಮೇಲೆ ಒಂದು ಪ್ರನಾಳಕ್ಕೆ 5 ಮಿಲಿ ದ್ರಾವಣ ಹಾಕಿ 37 ಡಿಗ್ರಿ ನೀರಿನಲ್ಲಿ ನಿಲ್ಲಿಸುವುದು. ಅದು ಬಿಸಿಯಾದ ಮೇಲೆ 1 ಮಿಲಿ ಹಾಲು ಸೇರಿಸಿ, ಬಿರಡೆ ಹಾಕಿ, ಮೇಲೆ ಕೆಳಗೆ ಮಾಡಿ ಬೆರೆಸಿ, ಮತ್ತೆ ಅದೇ ನೀರಿನಲ್ಲಿ 2 ಗಂಟೆ ಬಿಡುವುದು. ನೀರಿನ ಬಿಸಿ 36ಕ್ಕೆ ಇಳಿಯಬಾರದು, 38 ದಾಟಬಾರದು. ನಾವು ದಪ್ಪ ತಳದ ಪಾತ್ರೆಯಲ್ಲಿ ನೀರಿಟ್ಟು, ಥರ್ಮಾಮೀಟರು ನೋಡುತ್ತಾ ಸೌಟಿನಲ್ಲಿ ಬಿಸಿನೀರು ಸೇರಿಸುತ್ತಾ ಸುಧಾರಿಸಿದೆವು. ಜಗಲಿಯಲ್ಲಿ ನೇರ ಬಿಸಿಲು ಬೀಳದ ಜಾಗ ಆರಿಸಿದ್ದೂ ಬೇಕೆಂದೇ.

ಪಕ್ಕದಲ್ಲಿ ಇನ್ನೊಂದು ಪ್ರನಾಳದಲ್ಲಿ ಅದೇ ಹಾಲನ್ನು ಕುದಿಸಿ ತಣಿಸಿ ಇಡಬೇಕು. ಕುದಿಸಿದ ಹಾಲಿನಲ್ಲಿ ಕಿಣ್ವ ಉಳಿದಿರುವುದಿಲ್ಲ. ಹಾಗಾಗಿ ಇದು ಹೋಲಿಸಿ ನೋಡುವ 'ಖಾಲಿ' ಮಾದರಿ. ಎರಡು ಗಂಟೆಯ ನಂತರ ಇವೆರಡನ್ನೂ ಬಣ್ಣದ ಬಿಲ್ಲೆ ಇರುವ ಲೊವಿಬಾಂಡ್ ಕಂಪಾರೇಟರಿನಲ್ಲಿಟ್ಟು ನೋಡುತ್ತಾರೆ. ಬಿಲ್ಲೆಯಲ್ಲಿ 0, 6, 10, 14, 18, 25, 42 ಎಂದು ಹಳದಿಯ ಮೆಟ್ಟಿಲುಗಳಿವೆ. ಇವು 1 ಮಿಲಿ ಹಾಲಿಗೆ ಎಷ್ಟು ಮೈಕ್ರೋಗ್ರಾಂ ನೈಟ್ರೋಫಿನಾಲ್ ಬಂತೆಂಬ ಲೆಕ್ಕ. 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಾಸು. ಮೇಲಾದರೆ ಫೇಲು. ಚೆನ್ನಾಗಿ ಪಾಶ್ಚರೀಕರಿಸಿದ ಹಾಲಿನಲ್ಲಿ ಬಣ್ಣವೇ ಕಾಣುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಪಾಶ್ಚರೀಕರಿಸಿದ ಹಾಲು ಈ ಪರೀಕ್ಷೆಯಲ್ಲಿ ನೆಗೆಟಿವ್ ಇರಬೇಕೆಂದೇ ಹೇಳುತ್ತದೆ.

ಕಂಪಾರೇಟರನ್ನು ಭಾವ ಹಳೆಯ ಪರಿಚಯದಲ್ಲಿ ಎರಡು ದಿನಕ್ಕೆ ತಂದಿದ್ದರು. ಅದಿಲ್ಲದವರಿಗೆ ಅವರು ಹೇಳಿದ ಒಂದು ಹಾದಿ ಹೀಗೆ. ಕುದಿಸಿ ತಣಿಸಿದ 1 ಲೀಟರು ಹಾಲಿಗೆ ಅದೇ ಹಟ್ಟಿಯ ಹಸಿ ಹಾಲು 2 ಮಿಲಿ ಬೆರೆಸಿ. ಇದು ಶೇಕಡಾ 0.2. ಇದರಿಂದ 1 ಮಿಲಿ ತೆಗೆದು ಇನ್ನೊಂದು ಪ್ರನಾಳದಲ್ಲಿಟ್ಟರೆ ಬರುವ ಹಳದಿ ಸುಮಾರಾಗಿ 10ರ ಮೆಟ್ಟಿಲಿನ ಹತ್ತಿರ ಇರುತ್ತದೆ. ಬಿಳಿ ಕಾಗದದ ಮುಂದೆ ಹಿಡಿದು ಹೋಲಿಸಬಹುದು. ಹಸಿ ಹಾಲಿನ ಕಿಣ್ವ ದನದಿಂದ ದನಕ್ಕೆ, ಕರಾವಿನ ಹಂತದಿಂದ ಹಂತಕ್ಕೆ ಹೆಚ್ಚು ಕಡಿಮೆ ಆಗುವುದರಿಂದ ಇದು ಮನೆಯ ಅಂದಾಜು ಮಾತ್ರ. ಲೈಸೆನ್ಸಿನ ಕಡತಕ್ಕೆ ಲ್ಯಾಬಿನ ವರದಿಯೇ ಬೇಕು.

ಎರಡು ಎಚ್ಚರಿಕೆ. ಪಿಪೆಟ್ಟನ್ನು ಬಾಯಿಂದ ಎಳೆಯಬೇಡಿ, ರಬ್ಬರ್ ಬುರುಡೆ ಬಳಸಿ. ದ್ರಾವಣ ಬಾಯಿಗೆ ಹೋಗುವ ಅಪಾಯ ಒಂದು. ಎಂಜಲಿನಲ್ಲೂ ಫಾಸ್ಫಟೇಸ್ ಇದೆ ಎಂಬುದು ಇನ್ನೊಂದು. ಒಂದು ಹನಿ ತಾಗಿದರೂ ಒಳ್ಳೆಯ ಹಾಲು ಫೇಲಾಗಿ ಕಾಣುತ್ತದೆ. ಹಾಗೆಯೇ ಹಸಿ ಹಾಲು ಮುಟ್ಟಿದ ಪಿಪೆಟ್ಟನ್ನು ಬೇಯಿಸಿದ ಹಾಲಿಗೆ ಅದ್ದಬಾರದು. ಪ್ರತಿ ಮಾದರಿಗೆ ಬೇರೆಯೇ ಬೇಕು.

ಫೇಲು ಅಂದರೆ ಏನು, ಏನಲ್ಲ

ನಮ್ಮ ಆ ದಿನದ ಪ್ಯಾಕೆಟ್ ಹಾಲು 18ರ ಮೆಟ್ಟಿಲಿಗೆ ಹೊಂದಿತು. ಲ್ಯಾಬಿನವರು ಸುಳ್ಳು ಹೇಳಿರಲಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ನಮ್ಮ ದನಗಳಿಗೆ ಕ್ಷಯ ಉಂಟಾ?" ಭಾವ ಅಲ್ಲವೆಂದರು. ಪರೀಕ್ಷೆ ರೋಗಾಣುವನ್ನು ನೋಡಿಯೇ ಇಲ್ಲ. ಕ್ಷಯ, ಬ್ರುಸೆಲ್ಲಾ ಮುಂತಾದವು ಹಟ್ಟಿಯಲ್ಲಿವೆಯೇ ಎಂಬುದಕ್ಕೆ ಪಶುವೈದ್ಯರ ಬೇರೆ ಪರೀಕ್ಷೆಗಳಿವೆ. ಇದು ಹೇಳುವುದು ಇಷ್ಟೇ: ಮಾರಿದ ಹಾಲಿನಲ್ಲಿ ಕಿಣ್ವ ಜೀವಂತ ಇದೆ. ಒಂದೋ ಹಾಲು ಪೂರ್ತಿ ಬಿಸಿಯಾಗಲಿಲ್ಲ, ಅಥವಾ ಬಿಸಿಯಾದ ಹಾಲಿಗೆ ಎಲ್ಲೋ ಹಸಿ ಹಾಲು ಸೇರಿತು. ಹಟ್ಟಿಯಲ್ಲಿ ರೋಗ ಇಲ್ಲದಿದ್ದರೆ ಅಪಾಯವೂ ಇಲ್ಲದಿರಬಹುದು. ಆದರೆ ನಾಲ್ಕು ಮನೆಗಳ ಹಾಲು ಸೇರಿಸುವ ನಾವು ಆ ಭರವಸೆ ಯಾರಿಗೆ ಕೊಡುವುದು? ಪಾಶ್ಚರೀಕರಣ ಮಾಡುವುದೇ ಆ ಭರವಸೆ ಇಲ್ಲದ ಕಾರಣಕ್ಕೆ.

ಎರಡನೆಯ ಸಂಶಯ, ಫೇಲು ನಿಜವಾದ ಫೇಲೇ? ಹಳೆಯದಾದ, ತಂಪಿಲ್ಲದೆ ಇಟ್ಟ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳೇ ತಮ್ಮದೊಂದು ಫಾಸ್ಫಟೇಸ್ ತಯಾರಿಸುತ್ತವೆ. ಅದು ಪಾಶ್ಚರೀಕರಣದ ಬಿಸಿಗೆ ಬಗ್ಗುವುದಿಲ್ಲ. ಇದಕ್ಕಾಗಿಯೇ ಮಾದರಿಯನ್ನು 5 ಡಿಗ್ರಿಯೊಳಗೆ ತಂಪಾಗಿಟ್ಟು 18 ಗಂಟೆಯೊಳಗೆ ಪರೀಕ್ಷಿಸಬೇಕು, ಹುಳಿ ಬಂದ ಹಾಲನ್ನು ಪರೀಕ್ಷಿಸಲೇಬಾರದು. ಅನುಮಾನ ಇದ್ದರೆ ಬಗೆಹರಿಸುವ ದಾರಿ ಹೀಗೆ: ಫೇಲಾದ ಮಾದರಿಯ ಒಂದು ಪಾಲನ್ನು ಪ್ರನಾಳದಲ್ಲಿ ಹಾಕಿ, ಹಾಲಿನ ಮಟ್ಟಕ್ಕಿಂತ ಮೇಲಿನವರೆಗೆ ಬಿಸಿನೀರಿನಲ್ಲಿ ಮುಳುಗಿಸಿ, ಒಳಗಿನ ಹಾಲು 63 ಡಿಗ್ರಿ ಮುಟ್ಟಿದ ಮೇಲೆ 30 ನಿಮಿಷ ಬಿಟ್ಟು, ತಣಿಸಿ, ಮತ್ತೆ ಪರೀಕ್ಷಿಸುವುದು. ಬಣ್ಣ ಹೋದರೆ ಅದು ಹಸಿ ಹಾಲಿನ ಕಿಣ್ವ. ಬಣ್ಣ ಹಾಗೇ ಉಳಿದರೆ ಬ್ಯಾಕ್ಟೀರಿಯಾದ್ದು. ನಮ್ಮದರಲ್ಲಿ ಬಣ್ಣ ಹೋಯಿತು. ತಪ್ಪು ನಮ್ಮ ತೊಟ್ಟಿಯದ್ದೇ.

ಕಳ್ಳ ಎಲ್ಲಿದ್ದ?

ಥರ್ಮಾಮೀಟರಿನ ಮೇಲೆಯೇ ನನ್ನ ಮೊದಲ ಗುಮಾನಿ. ಎರಡು ಡಿಗ್ರಿ ಹೆಚ್ಚು ತೋರಿಸುವ ಥರ್ಮಾಮೀಟರು ಇದ್ದರೆ ನಾವು 63 ಎಂದುಕೊಂಡದ್ದು 61 ಆಗಿರುತ್ತದೆ. ಮಂಜುಗಡ್ಡೆ ಪುಡಿ ಮಾಡಿ ಸ್ವಲ್ಪ ನೀರು ಬೆರೆಸಿದ್ದರಲ್ಲಿ ಅದ್ದಿದೆವು, ಸೊನ್ನೆ ತೋರಿಸಿತು. ಭಾವನ ಥರ್ಮಾಮೀಟರಿನ ಜೊತೆ 63 ಡಿಗ್ರಿ ನೀರಿನಲ್ಲಿ ಹಿಡಿದಾಗ ಅರ್ಧ ಡಿಗ್ರಿ ವ್ಯತ್ಯಾಸ. ಅವನದ್ದಲ್ಲ ತಪ್ಪು.

ನೊರೆ ಎರಡನೆಯ ಗುಮಾನಿ. ಹಾಲಿನ ಮೇಲೆ ನಿಲ್ಲುವ ನೊರೆ ಕೆಳಗಿನ ಹಾಲಿನಷ್ಟು ಬಿಸಿಯಾಗುವುದಿಲ್ಲ. ಕೊನೆಗೆ ಅದು ಇಳಿದು ಹಾಲಿಗೇ ಸೇರುತ್ತದೆ. ಮುಚ್ಚಳಕ್ಕೆ ಸಿಡಿದ ಹಸಿ ಹಾಲು ಹನಿಯಾಗಿ ಬೀಳುವುದೂ ಹಾಗೆಯೇ. ಮೂರನೆಯದು ಪ್ಯಾಕಿಂಗ್ ಯಂತ್ರ, ನಾಲ್ಕನೆಯದು ತಣಿಸುವ ತೊಟ್ಟಿ. ಇಷ್ಟೆಲ್ಲ ಇರುವಾಗ ಒಂದೊಂದನ್ನೇ ಬಿಚ್ಚುತ್ತಾ ಕುಳಿತರೆ ತಿಂಗಳು ಬೇಕು.

ಭಾವ ಹೇಳಿದ್ದು, "ಬಿಚ್ಚುವುದು ಬೇಡ. ಹಾಲು ಹೋಗುವ ದಾರಿಯಲ್ಲಿ ಐದು ಕಡೆ ನಿಂತು ಕೇಳುವ. ಎಲ್ಲಿಂದ ಹಳದಿ ಶುರುವಾಗ್ತದೋ ಅಲ್ಲಿ ಕಳ್ಳ."

ಮರುದಿನ 100 ಲೀಟರು ಹಾಲನ್ನು ಎಂದಿನಂತೆ 63 ಡಿಗ್ರಿಯಲ್ಲಿ 30 ನಿಮಿಷ ಹಿಡಿದು, ಐದು ಮಾದರಿ ತೆಗೆದೆವು. ಒಂದನೆಯದು ಕೊಳಾಯಿ ತೆರೆಯುವ ಮೊದಲು, ಕುದಿನೀರಲ್ಲಿ ಅದ್ದಿದ ಸೌಟಿನಿಂದ ತೊಟ್ಟಿಯ ಮೇಲಿನಿಂದ, ನೊರೆ ಸಮೇತ. ಎರಡನೆಯದು ಕೊಳಾಯಿ ತೆರೆದೊಡನೆ ಬಂದ ಮೊದಲ ಅರ್ಧ ಲೀಟರಿನಿಂದ. ತೆಗೆದಾದ ಮೇಲೆ ಉಳಿದದ್ದನ್ನು ಎಂದಿನಂತೆ ತಣಿಸುವ ತೊಟ್ಟಿಗೇ ಹೊಯ್ದೆವು. ಮೂರನೆಯದು ಹತ್ತು ಲೀಟರು ಹೋದ ನಂತರ ಅದೇ ಕೊಳಾಯಿಂದ. ನಾಲ್ಕನೆಯದು ತಣಿಸುವ ತೊಟ್ಟಿಯಲ್ಲಿ ಎಲ್ಲ ಬೆರೆತ ಮೇಲೆ. ಐದನೆಯದು ಪ್ಯಾಕೆಟಿನಿಂದ. ಜೊತೆಗೆ ಕುದಿಸಿದ ಹಾಲಿನದ್ದೊಂದು ಪ್ರನಾಳ.

ಎರಡು ಗಂಟೆ ಕಾದು ಸಾಲಾಗಿ ನಿಲ್ಲಿಸಿದಾಗ ಹೆಚ್ಚು ವಿವರಣೆ ಬೇಕಾಗಲಿಲ್ಲ. ಒಂದನೆಯದಕ್ಕೂ ಕುದಿಸಿದ್ದಕ್ಕೂ ವ್ಯತ್ಯಾಸವಿಲ್ಲ. ಅಂದರೆ ತೊಟ್ಟಿಯ ಒಳಗಿನ ಹಾಲು ನೊರೆ ಸಮೇತ ಸರಿಯಾಗಿ ಬೆಂದಿದೆ. ಎರಡನೆಯದು ಅರಸಿನ ನೀರಿನ ಹಾಗೆ, 42ರ ಮೆಟ್ಟಿಲನ್ನೂ ಮೀರಿದ ಹಳದಿ. ಮೂರನೆಯದರಲ್ಲಿ ಬಣ್ಣ 6ಕ್ಕಿಂತ ಕಡಿಮೆ. ನಾಲ್ಕನೆಯದು 18. ಐದನೆಯದೂ 18. ನಾಲ್ಕಕ್ಕೂ ಐದಕ್ಕೂ ಒಂದೇ ಬಣ್ಣ ಇರುವುದರಿಂದ ಪ್ಯಾಕಿಂಗ್ ಯಂತ್ರದಲ್ಲಿ ಹೊಸದಾಗಿ ಏನೂ ಸೇರಿಲ್ಲ. ಕಳ್ಳ ಇದ್ದದ್ದು ತೊಟ್ಟಿಗೂ ಕೊಳಾಯಿಗೂ ನಡುವೆ.

ಆಗ ನನಗೆ ನೆನಪಾಯಿತು. ಜೂನ್‌ನಲ್ಲಿ ಹೊಸ ತಣಿಸುವ ತೊಟ್ಟಿ ತಂದಾಗ, ಅದರ ಬಾಯಿಗೆ ಸಿಗಲೆಂದು ಕೊಳಾಯಿಯನ್ನು ಮುಂದಕ್ಕೆ ತರಿಸಿದ್ದೆ. ವೆಲ್ಡರ್ ನಡುವೆ ಪೈಪು ಸೇರಿಸಿ ಕೊಟ್ಟಿದ್ದ. ಅವನ ಕೆಲಸ ಚೊಕ್ಕವಾಗಿಯೇ ಇತ್ತು. ಬೇಕೆಂದವನು ನಾನು. ಆ ಪೈಪಿನ ಸುತ್ತ ಬಿಸಿನೀರಿಲ್ಲ, ಒಳಗೆ ಕದಡುವ ರೆಕ್ಕೆಯೂ ತಲುಪುವುದಿಲ್ಲ. ತೊಟ್ಟಿಗೆ ಹಸಿ ಹಾಲು ಸುರಿದಾಗ ಮೊದಲು ತುಂಬುವುದೇ ಆ ಪೈಪು. ಆಮೇಲೆ ತೊಟ್ಟಿ 63 ಡಿಗ್ರಿಗೆ ಬಂದರೂ ಪೈಪಿನ ಹಾಲು ಅಲ್ಲೇ ಬೆಚ್ಚಗೆ ಕುಳಿತಿರುತ್ತದೆ. ಹೊರಗಿನಿಂದ ಮುಟ್ಟಿ ನೋಡಿದೆ, ಕೈ ಆರಾಮವಾಗಿ ಇಟ್ಟುಕೊಳ್ಳುವಷ್ಟೇ ಬಿಸಿ. ತೊಟ್ಟಿಯ ಮೈಯನ್ನು ಹಾಗೆ ಮುಟ್ಟಲು ಆಗುವುದಿಲ್ಲ. ಈ ಒಂದು ಮುಟ್ಟುವಿಕೆ ಜೂನ್‌ನಲ್ಲೇ ಮಾಡಿದ್ದರೆ ಸಾಕಿತ್ತು.

ಲೆಕ್ಕ ಹೊಂದಿತು

ಭಾವ ಟೇಪು ಹಿಡಿದು ಅಳೆದರು. ಪೈಪಿನ ಒಳ ವ್ಯಾಸ 3.8 ಸೆಂ.ಮೀ., ಉದ್ದ 35 ಸೆಂ.ಮೀ. ಒಳಗೆ ಹಿಡಿಯುವ ಹಾಲು ಹತ್ತಿರ ಹತ್ತಿರ 400 ಮಿಲಿ. 100 ಲೀಟರಿಗೆ 400 ಮಿಲಿ ಎಂದರೆ ಶೇಕಡಾ 0.4. ಶೇಕಡಾ 0.2 ಹಸಿ ಹಾಲಿಗೆ ಸುಮಾರು 10ರ ಮೆಟ್ಟಿಲಾದರೆ 0.4ಕ್ಕೆ 20ರ ಆಸುಪಾಸು ಬರಬೇಕು. ನಮಗೆ ಸಿಕ್ಕಿದ್ದು 18. ಎರಡು ಕುಡ್ತೆಯಷ್ಟು ಹಸಿ ಹಾಲು ನೂರು ಲೀಟರನ್ನು ಫೇಲು ಮಾಡಿತು.

ಇಲ್ಲಿಯೇ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಜೂನ್‌ಗೆ ಮೊದಲು ಕೊಳಾಯಿ ತೊಟ್ಟಿಯ ಹತ್ತಿರವೇ ಇತ್ತು, ಆದರೂ ನಡುವೆ 5 ಸೆಂ.ಮೀ. ಪೈಪಿತ್ತಲ್ಲ? ಆಗಿನ ವರದಿಗಳೆಲ್ಲ ನೆಗೆಟಿವ್. ಭಾವ ಲೆಕ್ಕ ಮಾಡಿ ತೋರಿಸಿದರು. ಅಷ್ಟು ಪೈಪಿನಲ್ಲಿ ಹಿಡಿಯುವುದು ಸುಮಾರು 57 ಮಿಲಿ. 100 ಲೀಟರಿಗೆ ಶೇಕಡಾ 0.06ಕ್ಕಿಂತಲೂ ಕಡಿಮೆ. ಬಿಲ್ಲೆಯಲ್ಲಿ 3ರಷ್ಟು, ಕಣ್ಣಿಗೆ ಕಾಣಿಸಿಕೊಳ್ಳದ ಬಣ್ಣ. ಅಂದರೆ ಆಗಲೂ ನಮ್ಮ ಹಾಲಿನಲ್ಲಿ ಹಸಿ ಹಾಲು ಇತ್ತು, ಪರೀಕ್ಷೆಗೆ ಸಿಕ್ಕಲಿಲ್ಲ ಅಷ್ಟೆ. ಇದು ನನಗೆ ಫೇಲಾದದ್ದಕ್ಕಿಂತ ದೊಡ್ಡ ಪಾಠ. ಈ ಕಣ್ಣಳತೆಯ ವಿಧಾನಕ್ಕೆ ಸುಮಾರು ಶೇಕಡಾ 0.2ರ ಕೆಳಗಿನದ್ದು ಸಿಗುವ ಖಾತ್ರಿಯಿಲ್ಲ. ಹೊಳೆಯುವ ದ್ರಾವಣ ಬಳಸುವ ಯಂತ್ರಗಳು ಇದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮ, ಆದರೆ ಅವು ದೊಡ್ಡ ಲ್ಯಾಬುಗಳಲ್ಲಿ ಮಾತ್ರ.

ತಣಿಸುವ ತೊಟ್ಟಿ ಕೊಳಕಾಗಿದ್ದರೆ, ಪ್ಯಾಕೆಟ್ ಮಾಡುವವರ ಕೈ ಶುದ್ಧವಿಲ್ಲದಿದ್ದರೆ ಈ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಕೋಲಿಫಾರ್ಮ್ ಪರೀಕ್ಷೆ ಬೇರೆ ಮಾಡಿಸಬೇಕು. ನೆಗೆಟಿವ್ ಎಂದರೆ 'ಬಿಸಿಯ ಕೆಲಸ ಆಗಿದೆ, ಹಸಿ ಹಾಲು ದೊಡ್ಡ ಪ್ರಮಾಣದಲ್ಲಿ ಸೇರಿಲ್ಲ' ಎಂದಷ್ಟೇ ಓದಿಕೊಳ್ಳಿ.

ಏನು ಸರಿಮಾಡಿದೆವು

ಮೊದಲ ಉಪಾಯವಾಗಿ ನನಗೆ ಹೊಳೆದದ್ದು, ಕೊಳಾಯಿಯಿಂದ ಬರುವ ಮೊದಲ ಎರಡು ಲೀಟರನ್ನು ಬೇರೆ ತೆಗೆದುಬಿಡುವುದು. ಭಾವ ಒಪ್ಪಲಿಲ್ಲ. ಪೈಪಿನ ಒಳಮೈಗೆ ಅಂಟಿದ ಹಸಿ ಹಾಲು ಹಿಂದಿನಿಂದ ಬರುವ ಬೆಂದ ಹಾಲಿಗೆ ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ. ಜೊತೆಗೆ ಆ ಕೆಲಸ ದಿನಾ ನೆನಪಿಟ್ಟು ಮಾಡುವವರು ಯಾರು? ನಾನಿಲ್ಲದ ದಿನ ಮಗ ಮರೆತರೆ ಹಾಲು ಪುನಃ ಫೇಲು.

ಪೈಪನ್ನೇ ಕತ್ತರಿಸಿ ತೆಗೆಸಿದೆವು. ಈಗ ಕೊಳಾಯಿಯ ಬಿರಡೆ ತೊಟ್ಟಿಯ ತಳಕ್ಕೆ ಸಮನಾಗಿ ಒಳಗಿನಿಂದಲೇ ಮುಚ್ಚಿಕೊಳ್ಳುತ್ತದೆ. ಹಾಲು ನಿಲ್ಲಲು ಸಂದಿಯೇ ಇಲ್ಲ. ತಣಿಸುವ ತೊಟ್ಟಿಗೆ ಹಾಲು ಮುಟ್ಟಿಸಲು ಕಳಚಿ ತೊಳೆಯಬಹುದಾದ ತುಂಡು ಪೈಪು ಇದೆ. ಅದನ್ನು 30 ನಿಮಿಷ ಮುಗಿದ ಮೇಲೆ, ಬಿಸಿನೀರಲ್ಲಿ ತೊಳೆದೇ ಜೋಡಿಸುವುದು. ಮತ್ತೆ ಐದೂ ಕಡೆಯಿಂದ ಮಾದರಿ ತೆಗೆದು ನೋಡಿದಾಗ ಐದೂ ಕುದಿಸಿದ ಹಾಲಿನಷ್ಟೇ ಬೆಳ್ಳಗಿದ್ದವು.

ಇದರ ಜೊತೆ ಮೂರು ಅಭ್ಯಾಸ ಬದಲಾದವು. ಕರೆದು ತಡವಾಗಿ ಬಂದ ನೆರೆಮನೆಯ ಹಾಲನ್ನು ಕಾಯಿಸುತ್ತಿರುವ ತೊಟ್ಟಿಗೆ ಸುರಿಯುವುದು ನಿಂತಿತು. ತಡವಾದದ್ದು ಮಾರನೆಯ ಸರದಿಗೆ. ಹಸಿ ಹಾಲಿನ ಬಾಲ್ದಿ, ಸೌಟು, ಸೋಸುವ ಬಟ್ಟೆಗಳಿಗೆ ಕೆಂಪು ದಾರ ಕಟ್ಟಿದ್ದೇವೆ, ಅವು ಬೆಂದ ಹಾಲಿನ ಕೋಣೆಗೆ ಬರುವಂತಿಲ್ಲ. ಮತ್ತೆ ತೊಟ್ಟಿ, ಕೊಳಾಯಿ, ಪೈಪು ಯಾವುದಕ್ಕೇ ಸ್ಪ್ಯಾನರು ಮುಟ್ಟಿದರೂ ಮುಂದಿನ ಸರದಿಯ ಹಾಲನ್ನು 4 ಡಿಗ್ರಿಯಲ್ಲಿ ಹಿಡಿದಿಟ್ಟು, ಎರಡು ಗಂಟೆಯ ಪರೀಕ್ಷೆ ಮುಗಿದ ಮೇಲೆಯೇ ಹೊರಗೆ ಬಿಡುವುದು. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಲೇಬೇಕು, ನಾಯಿಗೂ ಬೆಕ್ಕಿಗೂ ಅಲ್ಲ.

ಮಾರಿಹೋದ ಹಾಲು

ಫೇಲಾದ ಹಾಲು ಕೈಯಲ್ಲೇ ಇದ್ದರೆ ದಾರಿ ಸುಲಭ. ನಾವು ಪರೀಕ್ಷೆಗೆಂದು ಮಾಡಿದ ಆ 100 ಲೀಟರನ್ನು ಮಾರಲಿಲ್ಲ, ಅದೇ ದಿನ ಕುದಿಸಿ ಕೋವಾ ಮಾಡಿದೆವು. ಕಾರಣ ಸಿಕ್ಕದೆ ಅದೇ ತೊಟ್ಟಿಯಲ್ಲಿ ಎರಡನೇ ಸಲ ಪಾಶ್ಚರೀಕರಿಸಿ ಮಾರುವುದರಲ್ಲಿ ಅರ್ಥವಿಲ್ಲ. ಅದೇ ಪೈಪು ಅಲ್ಲೇ ಇರುತ್ತದಲ್ಲ.

ಕಷ್ಟದ್ದು ಮಾರಿಹೋದ ಹಾಲು. ಪೈಪು ಹಾಕಿಸಿದ ಜೂನ್‌ನಿಂದ ಆ ದಿನದವರೆಗೆ ಪ್ರತಿ ದಿನದ ಹಾಲೂ ಹಾಗೆಯೇ ಹೋಗಿರಬೇಕು. ಸುಮ್ಮನಿರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಭಾವ ಏನೂ ಒತ್ತಾಯ ಮಾಡಲಿಲ್ಲ. ವರದಿ ಕಂಡ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಜ್ಯೂಸ್ ಅಂಗಡಿಗೆ ಹೋಗಿ ಫ್ರಿಜ್ಜಿನಲ್ಲಿದ್ದ ಪ್ಯಾಕೆಟನ್ನೆಲ್ಲ ವಾಪಸು ತೆಗೆದುಕೊಂಡು, ಸರಿಯಾಗುವ ತನಕ ಕುದಿಸಿ ತಣಿಸಿಯೇ ಬಳಸಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಂಗಡಿಯವರು ಕೋಪಿಸಿಕೊಂಡರು. ಎರಡು ವಾರ ಬೇರೆ ಕಡೆಯಿಂದ ಹಾಲು ತಂದರು. ಮನೆಗಳಿಗೆ ಹಾಲಿನ ಹುಡುಗನ ಕೈಯಲ್ಲಿ ಚೀಟಿ ಕೊಟ್ಟು ಕಳುಹಿಸಿದೆ: ಹಾಲನ್ನು ಉಕ್ಕುವ ತನಕ ಕುದಿಸಿ, ಹಸಿಯಾಗಿ ಮಕ್ಕಳಿಗೆ ಕೊಡಬೇಡಿ. ಮೂರು ಮನೆಯವರು ಬಿಟ್ಟರು. ಉಳಿದವರು ಇದ್ದಾರೆ.

ಪೈಪು ತೆಗೆಸಿದ ಮೇಲೆ ಬಂದ ನೆಗೆಟಿವ್ ವರದಿಯ ಪ್ರತಿಯನ್ನು ಜ್ಯೂಸ್ ಅಂಗಡಿಗೆ ಕೊಟ್ಟೆ. ಅವರು ಅದನ್ನು ಓದಿ ನನ್ನನ್ನೇ ಕೇಳಿದರು, "ನೆಗೆಟಿವ್ ಅಂತ ಉಂಟಲ್ಲ, ಇದು ಒಳ್ಳೆದಾ ಕೆಟ್ಟದ್ದಾ?" ನಾನು ನಗಲಿಲ್ಲ. ಕೌಂಟರಿನ ಮೇಲೆಯೇ ಕಾಗದವಿಟ್ಟು ವಿವರಿಸಿದೆ. ಮಾರನೆಯ ದಿನದಿಂದ ಆ 20 ಲೀಟರು ಪುನಃ ಹೋಗತೊಡಗಿತು.

ನಿಮ್ಮ ತೊಟ್ಟಿಯ ಹೊರಗೆ ಬಿಸಿನೀರು ತಲುಪದ ಪೈಪು ಎಷ್ಟುದ್ದ ಇದೆ? ಇಂದು ಹಾಲು 63 ಡಿಗ್ರಿಯಲ್ಲಿರುವಾಗ ಒಮ್ಮೆ ಹೋಗಿ ಕೈಯಿಟ್ಟು ನೋಡಿ. ಕೈ ಸುಡದಿದ್ದರೆ, ಟೇಪು ತೆಗೆದು ಅಳೆಯಿರಿ.